ಕೊನೆಯ ರೌಂಡಿನಲ್ಲಿ ಕೈತಪ್ಪಿದ ಕೆಲಸ, ಆಮೇಲೆ ಬರೆದ ಆರು ವಾಕ್ಯ

ಶುಕ್ರವಾರ ಸಂಜೆ ಗೆಳತಿಯ ತಮ್ಮನಿಂದ ಎರಡೇ ಪದದ ಮೆಸೇಜ್ ಬಂತು: "ಅಕ್ಕ, ಹೋಯ್ತು." ಅದರ ಕೆಳಗೊಂದು ಸ್ಕ್ರೀನ್‌ಶಾಟ್. ಏನಿರುತ್ತದೆ ಅಂತ ತೆರೆಯುವ ಮೊದಲೇ ಗೊತ್ತಾಯಿತು. ಹನ್ನೊಂದು ವರ್ಷ ನೇಮಕಾತಿ ವಿಭಾಗದಲ್ಲಿ ಕೆಲಸ ಮಾಡಿದವಳು ನಾನು. ಅಂಥ ಮೇಲ್‌ಗಳನ್ನು ಎಷ್ಟು ಜನಕ್ಕೆ ಕಳಿಸಿದ್ದೇನೋ ಲೆಕ್ಕವಿಲ್ಲ.

ಅವನ ಒಪ್ಪಿಗೆ ಪಡೆದೇ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಕಂಪನಿಯ ಹೆಸರು, ಅವನ ಹೆಸರು ಎರಡೂ ಬೇಡ. ಮೇಲ್‌ಗಳೆಲ್ಲ ಇಂಗ್ಲಿಷಿನಲ್ಲಿ ಓಡಾಡಿದವು, ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ.

ಅವನು ಗ್ರಾಹಕರ ದೂರುಗಳನ್ನು ನೋಡಿಕೊಳ್ಳುವ ಸಪೋರ್ಟ್ ಟೀಮಿನಲ್ಲಿ ಏಳು ವರ್ಷದಿಂದ ಇದ್ದಾನೆ. ಕಳೆದ ಎರಡು ವರ್ಷ ಟೀಮ್ ಲೀಡ್. ಈಗ ಅರ್ಜಿ ಹಾಕಿದ್ದು ಮ್ಯಾನೇಜರ್ ಹುದ್ದೆಗೆ. ಐದು ರೌಂಡು, ನಾಲ್ಕು ವಾರ. ಮೊದಲು ರಿಕ್ರೂಟರ್ ಜೊತೆ ಫೋನಿನಲ್ಲಿ ಮಾತು, ಆಮೇಲೆ ಮುಂದಿನ ಬಾಸ್ ಆಗಬೇಕಾದವರು, ಆಮೇಲೆ ಸಮಾನ ಹುದ್ದೆಯ ಇಬ್ಬರು, ಆಮೇಲೆ ಎಚ್‌ಆರ್. ಕೊನೆಯದು ಡೈರೆಕ್ಟರ್ ಮತ್ತು ಇಬ್ಬರ ಪ್ಯಾನೆಲ್ ಮುಂದೆ ಪ್ರೆಸೆಂಟೇಶನ್. ವಿಷಯವನ್ನು ಅವರೇ ಕೊಟ್ಟಿದ್ದರು: ಬಾಕಿ ಬಿದ್ದ ಟಿಕೆಟ್‌ಗಳು, ಅಂದರೆ ದಾಖಲಾದ ಗ್ರಾಹಕರ ದೂರುಗಳು, ರಾಶಿಯಾಗಿರುವ ಒಂದು ಟೀಮನ್ನು ನಿಮ್ಮ ಕೈಗೆ ಕೊಟ್ಟರೆ ಮೊದಲ ಮೂರು ತಿಂಗಳು ಏನು ಮಾಡುತ್ತೀರಿ? ಇಪ್ಪತ್ತು ನಿಮಿಷ ಮಾತು, ಇಪ್ಪತ್ತು ನಿಮಿಷ ಪ್ರಶ್ನೆ.

ಪ್ರೆಸೆಂಟೇಶನ್ ಮುಗಿದ ನಾಲ್ಕನೇ ದಿನ ರಿಕ್ರೂಟರ್ ಫೋನ್ ಮಾಡಿ, ನೋಟಿಸ್ ಪೀರಿಯಡ್ ಎಷ್ಟು, ಕಡಿಮೆ ಮಾಡಿಕೊಳ್ಳೋಕೆ ಆಗುತ್ತಾ ಅಂತ ಕೇಳಿದ್ದರು. ಅವನಿಗೆ ಖುಷಿಯೋ ಖುಷಿ. ಕೆಲಸ ಸಿಕ್ಕೇಬಿಟ್ಟಿತು ಅಂತ ಮನೆಯಲ್ಲೂ ಹೇಳಿಬಿಟ್ಟಿದ್ದ. ಆಮೇಲೆ ಒಂಬತ್ತು ದಿನ ಸದ್ದಿಲ್ಲ. ಹತ್ತನೇ ದಿನ ಈ ಮೇಲ್:

"ನಮ್ಮ ಆಯ್ಕೆ ಪ್ರಕ್ರಿಯೆಯಲ್ಲಿ ಭಾಗವಹಿಸಿದ್ದಕ್ಕೆ ಧನ್ಯವಾದಗಳು. ಎಲ್ಲವನ್ನೂ ಪರಿಶೀಲಿಸಿದ ಬಳಿಕ ಈ ಹುದ್ದೆಗೆ ಇನ್ನೊಬ್ಬ ಅಭ್ಯರ್ಥಿಯೊಂದಿಗೆ ಮುಂದುವರಿಯಲು ನಿರ್ಧರಿಸಿದ್ದೇವೆ. ಕೋಪಗೊಂಡ ಗ್ರಾಹಕರ ಜೊತೆ ನೀವು ವ್ಯವಹರಿಸಿದ ಉದಾಹರಣೆ ಪ್ಯಾನೆಲ್‌ನಲ್ಲಿ ಎಲ್ಲರಿಗೂ ಇಷ್ಟವಾಯಿತು. ನಿಮ್ಮ ವಿವರಗಳನ್ನು ನಮ್ಮ ದಾಖಲೆಯಲ್ಲಿ ಇಟ್ಟುಕೊಳ್ಳುತ್ತೇವೆ. ಶುಭವಾಗಲಿ."

ಅವನು ಓದಿದ್ದು ಎರಡನೇ ವಾಕ್ಯ ಒಂದನ್ನೇ. ನನ್ನ ಕಣ್ಣು ಹೋಗಿದ್ದು ಮೂರನೇ ವಾಕ್ಯಕ್ಕೆ. ಇಂಥ ಮೇಲ್‌ಗಳು ಹೆಚ್ಚಿನಂಶ ಸಿದ್ಧ ಅಚ್ಚಿನವು, ಹೆಸರು ಮತ್ತು ಹುದ್ದೆ ಮಾತ್ರ ಬದಲಾಗುತ್ತವೆ. "ದಾಖಲೆಯಲ್ಲಿ ಇಟ್ಟುಕೊಳ್ಳುತ್ತೇವೆ" ಅನ್ನೋದು ಮೊದಲ ರೌಂಡಿನಲ್ಲೇ ಬಿದ್ದವರಿಗೂ ಹೋಗುತ್ತದೆ, ಅದರಲ್ಲಿ ಏನೂ ಹುಡುಕಬೇಡಿ. ಆದರೆ ಗ್ರಾಹಕರ ಉದಾಹರಣೆಯ ಸಾಲು ಅಚ್ಚಿನಿಂದ ಬಂದದ್ದಲ್ಲ. ಯಾರೋ ಕೂತು ಟೈಪ್ ಮಾಡಿದ್ದಾರೆ. ಅಂದರೆ ಆ ಕಡೆ ಇವನನ್ನು ನೆನಪಿಟ್ಟುಕೊಂಡ ಒಬ್ಬ ಮನುಷ್ಯ ಇದ್ದಾರೆ. ಉತ್ತರ ಬರೆಯಬೇಕಾದದ್ದು ಅವರಿಗೆ.

ನೋಟಿಸ್ ಪೀರಿಯಡ್ ಕೇಳಿ ಆಮೇಲೆ ಮೌನವಾದದ್ದಕ್ಕೂ ನನಗೊಂದು ಅರ್ಥ ಹೊಳೆಯಿತು. ಕೊನೆಯ ರೌಂಡಿಗೆ ಸಾಮಾನ್ಯವಾಗಿ ಇಬ್ಬರೋ ಮೂವರೋ ಉಳಿದಿರುತ್ತಾರೆ. ಮೊದಲನೆಯವರಿಗೆ ಆಫರ್ ಕೊಟ್ಟು, ಅವರು ಹ್ಞೂಂ ಅನ್ನುವವರೆಗೆ ಎರಡನೆಯವರಿಗೆ ಇಲ್ಲ ಅಂತ ಹೇಳುವುದಿಲ್ಲ. ನಾನೂ ಹಾಗೇ ಮಾಡುತ್ತಿದ್ದೆ. ಹೇಳಿಬಿಟ್ಟ ಮೇಲೆ ಮೊದಲನೆಯವರು ಕೈಕೊಟ್ಟರೆ ಮತ್ತೆ ಮೊದಲಿನಿಂದ ಹುಡುಕಬೇಕಲ್ವಾ? ಹಾಗಾಗಿ ಇವನು ಎರಡನೆಯವನಾಗಿದ್ದಿರಬೇಕು ಅಂತ ಅಂದಾಜು ಮಾಡಿದೆ. ಖಚಿತವಲ್ಲ, ಆದರೆ ಉತ್ತರ ಬರೆಯುವಾಗ ಈ ಅಂದಾಜು ಮುಖ್ಯ. ಆಫರ್ ಒಪ್ಪಿಕೊಂಡವರು ಕೆಲಸಕ್ಕೆ ಸೇರುವ ದಿನ ಬಾರದೇ ಇರುವುದೂ ಉಂಟು. ಆಗ ರಿಕ್ರೂಟರ್ ಮೊದಲು ನೆನಪಿಸಿಕೊಳ್ಳುವುದು ಎರಡನೆಯವರನ್ನೇ. ಆ ಹೊತ್ತಿಗೆ ಅವರ ಇನ್‌ಬಾಕ್ಸಿನಲ್ಲಿ ಇವನ ಕೊನೆಯ ಮೇಲ್ ಯಾವುದು ಅನ್ನೋದು ಲೆಕ್ಕಕ್ಕೆ ಬರುತ್ತದೆ.

"ಉತ್ತರ ಬರೆದಿದ್ದೀನಿ ಅಕ್ಕ, ಕಳಿಸಲಾ?" ಅಂದ. ತಡಿ, ನಂಗೆ ತೋರಿಸು ಅಂದೆ.

ಬರೋಬ್ಬರಿ ಒಂದು ಪುಟ. ಐದು ರೌಂಡಿಗಾಗಿ ಮೂರು ರಜೆ ಹಾಕಿದ್ದು, ಪ್ರೆಸೆಂಟೇಶನ್‌ಗೆ ಎರಡು ವಾರಾಂತ್ಯ ಹೋದದ್ದು, ನೋಟಿಸ್ ಪೀರಿಯಡ್ ಕೇಳಿ ಆಸೆ ಹುಟ್ಟಿಸಿದ್ದು, ತನ್ನ ಅನುಭವ ಹುದ್ದೆಗೆ ಹೇಗೆ ಸರಿಹೊಂದುತ್ತದೆ ಅನ್ನೋದು, ಕೊನೆಗೆ "ನಿಮ್ಮ ನಿರ್ಧಾರವನ್ನು ಮರುಪರಿಶೀಲಿಸಬೇಕಾಗಿ ವಿನಂತಿ." ಅದರಲ್ಲಿ ಸುಳ್ಳು ಏನೂ ಇರಲಿಲ್ಲ. ನೋಟಿಸ್ ಪೀರಿಯಡ್ ವಿಷಯದಲ್ಲಿ ಅವನ ಸಿಟ್ಟು ನ್ಯಾಯವಾದದ್ದೇ. ಆದರೆ ಈ ಮೇಲ್ ತಲುಪುವ ಕೈ ಬೇರೆ. ಆಯ್ಕೆ ಮಾಡಿದ್ದು ಪ್ಯಾನೆಲ್, ಮೇಲ್ ಓದುವುದು ರಿಕ್ರೂಟರ್. ಅವರಿಗೆ ನಿರ್ಧಾರ ಬದಲಿಸುವ ಅಧಿಕಾರವೇ ಇಲ್ಲ. ಒಬ್ಬರು ಆಗಲೇ ಒಪ್ಪಿಕೊಂಡಿದ್ದರೆ ಪ್ಯಾನೆಲ್‌ಗೂ ಇಲ್ಲ. ನನಗೆ ಇಂಥ ಪತ್ರ ಬಂದಾಗ ನಾನೇನು ಮಾಡುತ್ತಿದ್ದೆ ಅಂತ ಪ್ರಾಮಾಣಿಕವಾಗಿ ಹೇಳುತ್ತೇನೆ: ಅರ್ಧ ಓದಿ, "ನಿಮ್ಮ ಭಾವನೆ ಅರ್ಥವಾಗುತ್ತದೆ" ಅಂತ ಒಂದು ಸಾಲು ಹಾಕಿ, ಆ ಹೆಸರಿನ ಮುಂದೆ ಮನಸ್ಸಿನಲ್ಲೇ ಒಂದು ಗುರುತು ಮಾಡಿಕೊಳ್ಳುತ್ತಿದ್ದೆ. ಒಳ್ಳೆಯ ಗುರುತಲ್ಲ ಅದು.

ಎಲ್ಲಕ್ಕಿಂತ ಜಾಸ್ತಿ ತೊಂದರೆ ಕೊಡುವ ಸಾಲು "ನನ್ನನ್ನು ಯಾಕೆ ಆಯ್ಕೆ ಮಾಡಲಿಲ್ಲ ಅಂತ ದಯವಿಟ್ಟು ತಿಳಿಸಿ" ಅನ್ನೋದು. ಕೇಳಿದವನಿಗೆ ಇದು ಸರಳ ಪ್ರಶ್ನೆ. ಉತ್ತರಿಸಬೇಕಾದವರ ಕಿವಿಗೆ ಮಾತ್ರ ನಿರ್ಧಾರವನ್ನು ಸಮರ್ಥಿಸಿಕೊಳ್ಳಿ ಅಂದ ಹಾಗೆ ಕೇಳಿಸುತ್ತದೆ. ಬರವಣಿಗೆಯಲ್ಲಿ ಕಾರಣ ಕೊಟ್ಟರೆ ನಾಳೆ ಅದು ದೂರಾಗಬಹುದು, ಕೇಸೂ ಆಗಬಹುದು ಅನ್ನುವ ಭಯಕ್ಕೆ ಅನೇಕ ಕಂಪನಿಗಳು ಲಿಖಿತ ಫೀಡ್‌ಬ್ಯಾಕ್ ಕೊಡಲೇಬಾರದು ಅಂತ ನಿಯಮ ಮಾಡಿಕೊಂಡಿವೆ. ನಿಯಮ ಇಲ್ಲದ ಕಡೆಯೂ ಅನುಭವ ಒಂದು ಪಾಠ ಕಲಿಸಿರುತ್ತದೆ. ಕಾರಣ ಹೇಳಿದರೆ ಹತ್ತರಲ್ಲಿ ಕೆಲವರಾದರೂ ವಾದಕ್ಕೆ ಇಳಿಯುತ್ತಾರೆ. ಅದಕ್ಕೇ ಸುಮ್ನೆ "ಪೈಪೋಟಿ ತೀವ್ರವಾಗಿತ್ತು" ಅಂತ ಬರೆದು ಕೈತೊಳೆದುಕೊಳ್ಳುತ್ತಾರೆ.

ರಾತ್ರಿ ಹತ್ತಕ್ಕೆ ಎರಡನೇ ಕರಡು ಬಂತು. ಈ ಸಲ ಪೂರ್ತಿ ಉಲ್ಟಾ. "ಅವಕಾಶ ಕೊಟ್ಟಿದ್ದಕ್ಕೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ನನ್ನಲ್ಲಿ ಬಹಳ ಕೊರತೆಗಳಿವೆ ಅಂತ ಗೊತ್ತು. ಯಾವ ಫೀಡ್‌ಬ್ಯಾಕ್ ಆದರೂ ಸ್ವೀಕರಿಸುತ್ತೇನೆ." ಇದು ಇನ್ನೂ ಕೆಟ್ಟದ್ದು ಅನಿಸಿತು. ಮ್ಯಾನೇಜರ್ ಆಗಲು ಬಂದವನು ಹೀಗೆ ಬಗ್ಗಬಾರದು. ಅದೂ ಅಲ್ಲದೆ "ಯಾವ ಫೀಡ್‌ಬ್ಯಾಕ್ ಆದರೂ" ಅಂದರೆ ಉತ್ತರಿಸುವವರು ಎಲ್ಲಿಂದ ಶುರು ಮಾಡಬೇಕು?

ಮಲಗು, ನಾಳೆ ನೋಡೋಣ ಅಂದೆ. ರಾತ್ರಿಯೇ ಉತ್ತರ ಹೋಗಬೇಕು ಅಂತ ಏನಿಲ್ಲ. ಒಂದೆರಡು ದಿನದೊಳಗೆ ಹೋದರೆ ಸಾಕು. ಎರಡು ವಾರ ಬಿಟ್ಟರೆ ಮಾತ್ರ ಕಷ್ಟ. ಅಷ್ಟರಲ್ಲಿ ರಿಕ್ರೂಟರ್ ಇನ್ನೂ ಹತ್ತು ಹುದ್ದೆಗಳ ಹಿಂದೆ ಬಿದ್ದಿರುತ್ತಾರೆ, ಪ್ಯಾನೆಲ್‌ನವರಿಗೂ ಯಾರು ಏನು ಹೇಳಿದರು ಅನ್ನೋದು ಕಲಸಿಹೋಗಿರುತ್ತದೆ.

ಶನಿವಾರ ಬೆಳಿಗ್ಗೆ ಕೂತು ಇಬ್ಬರೂ ಬರೆದದ್ದು ಇದು:

"ನಮಸ್ಕಾರ ಮೇಡಂ,

ನಿರ್ಧಾರ ತಿಳಿಸಿದ್ದಕ್ಕೆ ಧನ್ಯವಾದ. ಈ ಕೆಲಸ ಸಿಗಲಿ ಅಂತ ನಿಜಕ್ಕೂ ಆಸೆ ಇತ್ತು, ಹಾಗಾಗಿ ಸ್ವಲ್ಪ ಬೇಸರವಾಗಿದೆ. ಪ್ರತಿ ರೌಂಡಿಗೂ ಮೊದಲು ಏನು ನಿರೀಕ್ಷಿಸಬೇಕು ಅಂತ ನೀವು ಹೇಳಿದ್ದು, ಪ್ರೆಸೆಂಟೇಶನ್ ದಿನ ಬದಲಿಸಿಕೊಟ್ಟಿದ್ದು ನನಗೆ ತುಂಬಾ ಅನುಕೂಲವಾಯಿತು. ಒಂದು ವಿಷಯ ಕೇಳಬೇಕಿತ್ತು: ನನ್ನ ಪ್ರೆಸೆಂಟೇಶನ್‌ನಲ್ಲಿ ಪ್ಯಾನೆಲ್‌ಗೆ ಯಾವ ಭಾಗ ಇನ್ನೂ ಗಟ್ಟಿಯಾಗಿರಬೇಕಿತ್ತು ಅನಿಸಿತು ಅನ್ನೋದನ್ನು ಹೇಳಲು ಸಾಧ್ಯವೇ? ಫೋನಿನಲ್ಲಿ ಹೇಳುವುದು ಸುಲಭವಾದರೆ ಹತ್ತು ನಿಮಿಷ ಸಾಕು, ಹೇಳಲು ಆಗದಿದ್ದರೂ ಪರವಾಗಿಲ್ಲ. ಮುಂದೆ ಇಂಥ ಹುದ್ದೆ ಬಂದರೆ ನನ್ನನ್ನು ನೆನಪಿಸಿಕೊಳ್ಳಿ."

ಒಟ್ಟು ಆರು ವಾಕ್ಯ. ಬೇಸರ ಅನ್ನುವ ಮಾತನ್ನು ತೆಗೆಯೋಣ ಅಂತ ಅವನು ಅಂದ, ನಾನು ಬಿಡಲಿಲ್ಲ. ಬೇಸರವಾಗಿರುವುದು ಇಬ್ಬರಿಗೂ ಗೊತ್ತು, ಮುಚ್ಚಿಟ್ಟರೆ ಮೇಲ್ ಪೂರ್ತಿ ನಾಟಕದಂತೆ ಕೇಳುತ್ತದೆ. ಒಂದೇ ಸಲ ಹೇಳಿ ಮುಂದೆ ಹೋದರೆ ಆಯಿತು. ಪ್ರೆಸೆಂಟೇಶನ್ ದಿನ ಬದಲಿಸಿದ ವಿಷಯ ಹಾಕಿದ್ದೂ ಬೇಕಂತಲೇ. "ನಿಮ್ಮ ಸಹಕಾರಕ್ಕೆ ಧನ್ಯವಾದ" ಅಂತ ಎಲ್ಲರೂ ಬರೆಯುತ್ತಾರೆ. ಅವರು ನಿಜವಾಗಿ ಮಾಡಿದ ಒಂದು ಕೆಲಸವನ್ನು ಹೆಸರಿಸಿದರೆ, ಓದುವವರಿಗೆ ಇದು ತನಗೇ ಬರೆದ ಪತ್ರ ಅಂತ ತಿಳಿಯುತ್ತದೆ.

ಹೆಚ್ಚು ಹೊತ್ತು ಕೂತದ್ದು ಆ ಪ್ರಶ್ನೆಯ ಮೇಲೆ. "ಯಾಕೆ ಆಯ್ಕೆಯಾಗಲಿಲ್ಲ" ಅನ್ನುವುದು ಅವನ ಬಗ್ಗೆ ಮತ್ತು ನಿರ್ಧಾರದ ಬಗ್ಗೆ. "ಪ್ರೆಸೆಂಟೇಶನ್‌ನಲ್ಲಿ ಯಾವ ಭಾಗ" ಅನ್ನುವುದು ನಲವತ್ತು ನಿಮಿಷದ ಒಂದು ಘಟನೆಯ ಬಗ್ಗೆ. ಇಲ್ಲಿ ಯಾರ ಜೊತೆಗೂ ಹೋಲಿಕೆ ಇಲ್ಲ, ಆಯ್ಕೆಯಾದವರ ಸುದ್ದಿಯೇ ಬರುವುದಿಲ್ಲ. ರಿಕ್ರೂಟರ್ ತಮ್ಮ ಮುಂದಿರುವ ಟಿಪ್ಪಣಿ ನೋಡಿ ಒಂದು ಸಾಲು ಎತ್ತಿ ಹೇಳಿದರೆ ಸಾಕು. ಕೊನೆಯ ರೌಂಡಿನ ನಂತರ ಪ್ಯಾನೆಲ್ ಸೇರಿ ಚರ್ಚೆ ಮಾಡುತ್ತದೆ, ಪ್ರತಿಯೊಬ್ಬರೂ ಅಂಕ ಮತ್ತು ನಾಲ್ಕು ಸಾಲು ಬರೆದಿರುತ್ತಾರೆ. ಅಂದರೆ ಉತ್ತರ ಎಲ್ಲೋ ಆಗಲೇ ಬರೆದಿದೆ. ಅದನ್ನು ಹೊರಗೆ ತರುವಷ್ಟು ಚಿಕ್ಕ ಬಾಗಿಲು ಮಾಡಿಕೊಡಬೇಕು, ಅಷ್ಟೇ.

ಫೋನಿನ ಮಾತು ಯಾಕೆ ಅಂತ ಹೇಳಬೇಕಿಲ್ಲ. ಬರೆಯಲಾಗದ್ದನ್ನು ಜನ ಬಾಯಲ್ಲಿ ಹೇಳುತ್ತಾರೆ.

ಕಳಿಸುವಾಗ ಎರಡು ಸಣ್ಣ ವಿಷಯ ನೋಡಿಕೊಂಡೆವು. ತಿರಸ್ಕಾರದ ಮೇಲ್ ಬಂದಿದ್ದು no-reply ಅಂತ ಶುರುವಾಗುವ ವಿಳಾಸದಿಂದ. ಅಲ್ಲಿಗೇ ಉತ್ತರ ಒತ್ತಿದ್ದರೆ ಯಾರೂ ಓದುತ್ತಿರಲಿಲ್ಲ. ಎಷ್ಟೋ ಜನ ಇಲ್ಲೇ ಎಡವಿ, "ಉತ್ತರವನ್ನೇ ಕೊಡಲಿಲ್ಲ" ಅಂತ ಕಂಪನಿಯನ್ನು ಬೈಯುತ್ತಿರುತ್ತಾರೆ. ಸಂದರ್ಶನದ ಸಮಯ ಗೊತ್ತುಮಾಡಲು ರಿಕ್ರೂಟರ್ ಸ್ವತಃ ಕಳಿಸಿದ್ದ ಹಳೆಯ ಮೇಲ್ ಹುಡುಕಿ, ಅದಕ್ಕೇ ಉತ್ತರವಾಗಿ ಹಾಕಿದೆವು. ಹಿಂದಿನ ಮಾತುಕತೆ ಎಲ್ಲ ಅದರ ಕೆಳಗೇ ಇರುತ್ತದೆ, ಇವನು ಯಾರು ಅಂತ ಅವರು ಹುಡುಕಬೇಕಿಲ್ಲ. ಇನ್ನೊಂದು, ಡೈರೆಕ್ಟರ್‌ಗೂ ಲಿಂಕ್ಡ್‌ಇನ್‌ನಲ್ಲಿ ಪ್ರತ್ಯೇಕ ಮೆಸೇಜ್ ಹಾಕುತ್ತೇನೆ ಅಂತ ಅವನು ಹೊರಟಿದ್ದ. ಬೇಡ ಅಂದೆ. ರಿಕ್ರೂಟರನ್ನು ದಾಟಿ ಪ್ಯಾನೆಲ್ ಹತ್ತಿರ ಹೋದರೆ ಆ ಮೆಸೇಜ್ ವಾಪಸ್ ರಿಕ್ರೂಟರ್ ಬಳಿಗೇ ಬರುತ್ತದೆ, "ಇದನ್ನ ನೀವೇ ನೋಡಿಕೊಳ್ಳಿ" ಅನ್ನುವ ಮಾತಿನ ಜೊತೆ. ಆಮೇಲೆ ಅವರು ಬಾಯಿ ಬಿಡುವುದು ಅನುಮಾನ.

ಮೇಲ್ ಹೋಗಿದ್ದು ಸೋಮವಾರ ಬೆಳಿಗ್ಗೆ. ಸೋಮವಾರ ಏನೂ ಇಲ್ಲ, ಮಂಗಳವಾರವೂ ಇಲ್ಲ. ನೆನಪಿಸಿ ಇನ್ನೊಂದು ಮೇಲ್ ಹಾಕಲಾ ಅಂತ ಬುಧವಾರ ಕೇಳಿದ. ಒಂದು ವಾರ ಕಾಯಿ, ಆಮೇಲೆ ಒಂದೇ ಒಂದು ಸಲ ನೆನಪಿಸು, ಅದಕ್ಕೂ ಉತ್ತರ ಬರದಿದ್ದರೆ ಅಲ್ಲಿಗೆ ಬಿಡು ಅಂದೆ. ಉತ್ತರ ಬಾರದೇ ಹೋಗುವುದೇ ಹೆಚ್ಚು, ಅದನ್ನೂ ಅವನಿಗೆ ಹೇಳಿದ್ದೆ.

ಗುರುವಾರ ಮಧ್ಯಾಹ್ನ ಫೋನ್ ಬಂತು. ಮುಂಚೆ ಮೇಲ್ ಇಲ್ಲ, ಏನಿಲ್ಲ, ನೇರ ಫೋನೇ. ಹನ್ನೆರಡು ನಿಮಿಷ ಮಾತು. ಅದೃಷ್ಟಕ್ಕೆ, ಫೋನ್ ಬಂದರೆ ಏನು ಮಾಡಬೇಕು ಅಂತ ಭಾನುವಾರವೇ ಮಾತಾಡಿಕೊಂಡಿದ್ದೆವು: ಪೇಪರು ಪೆನ್ನು ಹಿಡಿ, ಅವರು ಹೇಳಿದ ಪದಗಳನ್ನೇ ಬರೆದುಕೋ, "ಆದರೆ" ಅನ್ನುವ ಪದವನ್ನು ಬಾಯಿಂದ ಬಿಡಬೇಡ.

ರಿಕ್ರೂಟರ್ ಮೊದಲು ಹೇಳಿದ್ದೆಲ್ಲ ಮಾಮೂಲಿ. ಒಳ್ಳೆಯ ಅಭ್ಯರ್ಥಿ, ಕಷ್ಟದ ನಿರ್ಧಾರ, ಇತ್ಯಾದಿ. ಇವನು ಸುಮ್ಮನೆ ಕೇಳಿಸಿಕೊಂಡ. ಆಮೇಲೆ ಅವರೇ ಒಂದು ಕ್ಷಣ ನಿಂತು, "ನೋಡಿ, ನಿಮ್ಮ ಪ್ಲ್ಯಾನ್‌ನಲ್ಲಿ ಎಲ್ಲಾ ಇತ್ತು. ಅದೇ ಸಮಸ್ಯೆ" ಅಂದರಂತೆ. ಡೈರೆಕ್ಟರ್ ಅವನಿಗೆ ಒಂದು ಪ್ರಶ್ನೆ ಕೇಳಿದ್ದರು, ಆ ಉತ್ತರದ ಮೇಲೆಯೇ ಚರ್ಚೆ ನಿಂತಿತಂತೆ. ಇವನು "ಆದರೆ" ಅನ್ನಲಿಲ್ಲ. ಒಂದೇ ಒಂದು ಮರುಪ್ರಶ್ನೆ ಹಾಕಿದ: "ಅಲ್ಲಿ ಯಾವ ಥರದ ಉತ್ತರ ಸರಿ ಅನಿಸುತ್ತಿತ್ತು?" ಅದಕ್ಕವರು, "ಯಾವುದನ್ನು ಬಿಡುತ್ತೀರಿ, ಯಾಕೆ ಬಿಡುತ್ತೀರಿ ಅಂತ ಹೇಳಿದ್ದರೆ ಸಾಕಿತ್ತು. ಯಾವುದನ್ನು ಅನ್ನೋದು ಮುಖ್ಯವೇ ಅಲ್ಲ" ಅಂದರು.

ಆ ದಿನ ಸಂಜೆ ಅವನು ತನ್ನ ನೋಟ್‌ಬುಕ್ ತೆಗೆದ. ಪ್ರತಿ ರೌಂಡು ಮುಗಿದ ಅರ್ಧ ಗಂಟೆಯೊಳಗೆ ಕೇಳಿದ ಪ್ರಶ್ನೆಗಳನ್ನು ಬರೆದಿಡುವ ಅಭ್ಯಾಸ ಅವನಿಗಿದೆ. ಈ ಪ್ರಕರಣದಲ್ಲಿ ನನಗೆ ತುಂಬಾ ಇಷ್ಟವಾದದ್ದು ಅದೇ. ಪ್ರೆಸೆಂಟೇಶನ್ ದಿನದ ಪುಟದಲ್ಲಿ ಹೀಗಿತ್ತು: "ಡೈರೆಕ್ಟರ್: ಈ ಹದಿನಾಲ್ಕು ಕೆಲಸಗಳಲ್ಲಿ ಮೂರು ತಿಂಗಳಲ್ಲಿ ಯಾವುದನ್ನು ಮಾಡಲ್ಲ? ನಾನು: ಎಲ್ಲವೂ ಬೇಕೇ ಬೇಕು, ಟೀಮಿಗೆ ಹಂಚಿ ಮಾಡಿಸ್ತೀನಿ. (ಅವರು ಏನೂ ಹೇಳಲಿಲ್ಲ, ಬರಕೊಂಡ್ರು.)"

ಆವರಣದಲ್ಲಿದ್ದ ಆ ಸಾಲನ್ನು ಅವನೇ ಬರೆದಿದ್ದ, ಅವನೇ ಮರೆತಿದ್ದ. ತಿರಸ್ಕಾರದ ಮೇಲ್ ಬಂದ ದಿನ ಅವನ ಪ್ರಕಾರ ಕಾರಣ ಸಂಬಳ. ಜಾಸ್ತಿ ಕೇಳಿಬಿಟ್ಟೆ ಅಂತ ರಾತ್ರಿಯೆಲ್ಲ ಕೊರಗಿದ್ದ, ಮುಂದಿನ ಕಡೆ ಕಡಿಮೆ ಹೇಳಬೇಕು ಅಂತ ತೀರ್ಮಾನವನ್ನೂ ಮಾಡಿಬಿಟ್ಟಿದ್ದ. ಫೋನಿನಲ್ಲಿ ಸಂಬಳದ ಮಾತೇ ಬರಲಿಲ್ಲ. ಸಂಬಳ ಕಾರಣವೇ ಅಲ್ಲ ಅಂತ ಇದರಿಂದ ಹೇಳಲಾಗದು. ಆದರೆ ಆ ಬಗ್ಗೆ ಅವನ ಕೈಯಲ್ಲಿ ಯಾವ ಸುಳಿವೂ ಇರಲಿಲ್ಲ, ಈ ಇನ್ನೊಂದಕ್ಕೆ ಎರಡು ಕಡೆಯ ಸುಳಿವು ಇತ್ತು: ರಿಕ್ರೂಟರ್ ಮಾತು ಮತ್ತು ತನ್ನದೇ ಕೈಬರಹ. ಫೀಡ್‌ಬ್ಯಾಕನ್ನು ನಂಬಬೇಕೋ ಬಿಡಬೇಕೋ ಅಂತ ತೂಗಲು ನನಗೆ ಗೊತ್ತಿರುವ ದಾರಿ ಇದೊಂದೇ. ಹೇಳಿದ ಮಾತು ಆ ದಿನ ನಡೆದ ಯಾವುದಾದರೂ ಒಂದು ಕ್ಷಣಕ್ಕೆ ಹೋಗಿ ಕೂರುತ್ತದೆಯೇ ಅಂತ ನೋಡಬೇಕು.

ಹಾಗೆ ಕೂರದ ಮಾತೂ ಒಂದಿತ್ತು. "ಇನ್ನೂ ಸ್ವಲ್ಪ ಸೀನಿಯರ್ ಅನಿಸಬೇಕಿತ್ತು" ಅಂತ ಕೊನೆಯಲ್ಲಿ ರಿಕ್ರೂಟರ್ ಅಂದಿದ್ದರು. ಇದನ್ನು ಹಿಡಿದುಕೊಂಡು ಅವನು ಎರಡು ದಿನ ಒದ್ದಾಡಿದ. ದನಿಯಾ? ಬಟ್ಟೆಯಾ? ವಯಸ್ಸಾ? ನೋಟ್‌ಬುಕ್ಕಿನಲ್ಲಿ ಇದಕ್ಕೆ ಹೊಂದುವ ಯಾವ ಕ್ಷಣವೂ ಸಿಗಲಿಲ್ಲ. ಇಂಥ ಮಾತುಗಳು ಕೆಲವು ಸಲ ಮೊದಲಿನ ಮಾತನ್ನೇ ಇನ್ನೊಂದು ರೀತಿಯಲ್ಲಿ ಹೇಳುವುದು, ಕೆಲವು ಸಲ ಪ್ಯಾನೆಲ್‌ನ ಒಬ್ಬರ ಅನಿಸಿಕೆ ಮೂರು ಬಾಯಿ ದಾಟಿ ಸವೆದುಹೋಗಿರುವುದು. ಇದನ್ನು ಬದಿಗಿಡು ಅಂದೆ. ಇನ್ನೊಂದು ಕಂಪನಿಯೂ ಹೀಗೇ ಹೇಳಿದರೆ ಆಗ ತೆಗೆದು ನೋಡೋಣ.

ಫೋನಾದ ಮರುದಿನ ಎರಡು ಸಾಲಿನ ಮೇಲ್ ಹಾಕಿದ. "ನಿನ್ನೆ ಸಮಯ ಕೊಟ್ಟಿದ್ದಕ್ಕೆ ಧನ್ಯವಾದ. ಯಾವುದನ್ನು ಬಿಡಬೇಕು ಅಂತ ಹೇಳುವ ವಿಷಯ ನನ್ನ ಟಿಪ್ಪಣಿಯಲ್ಲೂ ಇತ್ತು, ಈಗ ಅದರ ಅರ್ಥ ಸ್ಪಷ್ಟವಾಯಿತು." ತನ್ನ ಮಾತು ವ್ಯರ್ಥವಾಗಲಿಲ್ಲ ಅಂತ ಹೇಳಿದವರಿಗೆ ತಿಳಿಯಬೇಕು. ನನಗೆ ಹೀಗೆ ಬರೆದವರು ಹನ್ನೊಂದು ವರ್ಷದಲ್ಲಿ ಬೆರಳೆಣಿಕೆಯಷ್ಟು ಜನ, ಅವರ ಹೆಸರುಗಳು ಈಗಲೂ ನೆನಪಿವೆ.

ಅದೇ ಪ್ರೆಸೆಂಟೇಶನ್‌ ಅನ್ನು ಅವನು ಮತ್ತೆ ತೆಗೆದು ತಿದ್ದಿದ. ಹದಿನಾಲ್ಕು ಕೆಲಸ ನಾಲ್ಕಕ್ಕೆ ಇಳಿಯಿತು. ಕೊನೆಗೆ ಒಂದು ಹೊಸ ಸ್ಲೈಡ್: "ಈ ಮೂರು ತಿಂಗಳಲ್ಲಿ ನಾನು ಮುಟ್ಟದ ಕೆಲಸಗಳು." ಪ್ರತಿಯೊಂದರ ಮುಂದೆ ಒಂದು ಸಾಲಿನ ಕಾರಣ. ಹಳೆಯ ಟಿಕೆಟ್‌ಗಳನ್ನೆಲ್ಲ ಒಂದೊಂದಾಗಿ ಮುಗಿಸುವುದನ್ನೇ ಅವನು ಅಲ್ಲಿ ಹಾಕಿದ್ದು ನೋಡಿ ನನಗೆ ಆಶ್ಚರ್ಯವಾಯಿತು. ರಾಶಿ ಕರಗಿಸಲು ಕರೆದವರಿಗೇ ರಾಶಿ ಮುಟ್ಟಲ್ಲ ಅಂತಾನಲ್ಲ! ಅವನ ಕಾರಣ ಕೇಳಿದ ಮೇಲೆ ಸರಿ ಅನಿಸಿತು: ಹೊಸ ಟಿಕೆಟ್‌ಗಳು ಬರುವ ವೇಗ ತಗ್ಗದಿದ್ದರೆ ಹಳೆಯದನ್ನು ಎಷ್ಟು ಖಾಲಿ ಮಾಡಿದರೂ ತೂತು ಬಿದ್ದ ಕೊಡಕ್ಕೆ ನೀರು ಸುರಿದಂತೆ.

ಎರಡು ತಿಂಗಳಾದ ಮೇಲೆ ಅದೇ ರಿಕ್ರೂಟರ್ ಮತ್ತೆ ಫೋನ್ ಮಾಡಿದರು. ಆಯ್ಕೆಯಾದವರು ಸೇರಿ ಕೆಲಸ ಮಾಡುತ್ತಿದ್ದಾರೆ, ಆ ಹುದ್ದೆ ಮುಗಿದ ಕಥೆ. ಇದು ಬೇರೆ ಟೀಮು. ಐದು ರೌಂಡು ಬೇಕಿಲ್ಲ, ಹಳೆಯ ಅಂಕಗಳಿವೆ, ಎರಡು ರೌಂಡು ಸಾಕು ಅಂದರು. ಅಷ್ಟರಲ್ಲಿ ಅವನು ಇನ್ನೊಂದು ಕಡೆ ಕೊನೆಯ ರೌಂಡು ಮುಗಿಸಿ, ನಾಲ್ಕು ಕೆಲಸದ ಆ ಪ್ಲ್ಯಾನ್ ತೋರಿಸಿ, ಆಫರ್‌ಗೆ ಸಹಿ ಹಾಕಿ ಮೂರು ದಿನವಾಗಿತ್ತು.

ಈ ಸಲ ಇಲ್ಲ ಅನ್ನಬೇಕಾದವನು ಅವನೇ. ಕರಡು ನನಗೆ ಕಳಿಸಿದ. ನಾಲ್ಕು ವಾಕ್ಯ: ನೆನಪಿಟ್ಟುಕೊಂಡಿದ್ದಕ್ಕೆ ಧನ್ಯವಾದ, ಬೇರೆ ಕಡೆ ಒಪ್ಪಿಕೊಂಡಿದ್ದೇನೆ, ನೀವು ಫೋನಿನಲ್ಲಿ ಹೇಳಿದ ಮಾತು ಅಲ್ಲಿ ಕೆಲಸಕ್ಕೆ ಬಂತು, ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು ಈ ಹುದ್ದೆಗೆ ಸರಿಹೋಗಬಹುದು, ಅವರನ್ನು ಕೇಳಿ ನಿಮಗೆ ಪರಿಚಯಿಸಲಾ? ತಿದ್ದೋಕೆ ಏನಾದರೂ ಇದೆಯಾ ಅಕ್ಕ ಅಂತ ಕೇಳಿದ್ದ. ಕಳಿಸು ಅಂದೆ.